ಏಕಾದಶಿ ಮನೆಗೆ ಶಿವರಾತ್ರಿ ಬಂದ ಹಾಗೆ

ಸಾಗರದ ಹುಡುಗ: ಏಕಾದಶಿಗೆ ಅನ್ನ ಬಿಟ್ಟು ಅವಲಕ್ಕಿ, ಸಾಬಕ್ಕಿ ಗಡದ್ದಾಗಿ ತಿನ್ನುತ್ತೇವೆ. ಶಿವರಾತ್ರಿಗೆ ಮೊಬೈಲ್ ನೋಡುತ್ತಾ ಬೆಳಗು ಮಾಡುತ್ತೇವೆ. ಇದರಿಂದ ಏನಾಗಬೇಕು?

ತೋಟದಮನೆ: ಇದರಲ್ಲಿ ವಿಜ್ಞಾನ ಇದೆ. ಚಂದ್ರ ಸಮುದ್ರವನ್ನು ಎಳೆದ ಹಾಗೆ ಏಕಾದಶಿ ದಿನ ನಮ್ಮ ಮೈಯೊಳಗಿನ ನೀರನ್ನೂ ಎಳೆಯುತ್ತಾನೆ. ಹೊಟ್ಟೆಗೂ ಒಂದು ದಿನ ರಜೆ.

ತುಂಗಾತೀರ: ರಜೆ ಸರಿ, ಚಂದ್ರನನ್ನು ಬಿಡಿ. ಉಬ್ಬರ ಜೋರಾಗಿರುವುದು ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ, ಏಕಾದಶಿಗಲ್ಲ.

ಗೀತೆಯ ಎರಡನೇ ಅಧ್ಯಾಯದಲ್ಲೇ ಇದೆ: ಊಟ ಬಿಟ್ಟವನಿಂದ ವಿಷಯಗಳು ದೂರವಾಗುತ್ತವೆ, ರುಚಿ ಮಾತ್ರ ಉಳಿಯುತ್ತದೆ. ಪಕ್ಕದ ಮನೆ ಒಗ್ಗರಣೆ ವಾಸನೆ ಬಂದಾಗ ಮನಸ್ಸು ಎಲ್ಲಿಗೆ ಓಡುತ್ತದೆ ಅಂತ ಖಾಲಿ ಹೊಟ್ಟೆಯವನಿಗೇ ಕಾಣುವುದು. ಅದಕ್ಕೇ ದಶಮಿ ರಾತ್ರಿ ಊಟ ಇಲ್ಲ, ಏಕಾದಶಿ ಎರಡೂ ಹೊತ್ತಿಲ್ಲ, ದ್ವಾದಶಿ ರಾತ್ರಿಯೂ ಇಲ್ಲ. ಬಾಯಿ ಚಪಲಕ್ಕೆ ಸಾಬಕ್ಕಿ ವಡೆ ಕರಿದರೆ ನೋಡುವುದಕ್ಕೆ ಏನು ಉಳಿಯಿತು?

ಶಿವರಾತ್ರಿಯಲ್ಲಿ ಉಪವಾಸ ಇರುವುದೇ ಜಾಗರಣೆಗಾಗಿ. ಹೊಟ್ಟೆ ತುಂಬಿದರೆ ನಿದ್ದೆ ಎಳೆಯುತ್ತದೆ. ಸಂಜೆ ಆರೂವರೆಯಿಂದ ಮೂರು ಮೂರು ಗಂಟೆಯ ನಾಲ್ಕು ಜಾವ, ಜಾವಕ್ಕೊಂದು ಪೂಜೆ. ನಮ್ಮಲ್ಲಿ ಕ್ರಮವಾಗಿ ಹಾಲು, ಮೊಸರು, ತುಪ್ಪ, ಜೇನುತುಪ್ಪ. ಮೊದಲೆರಡು ಜಾವ ಸುಲಭ, ಜನ ಇರುತ್ತಾರೆ. ಮೂರೂವರೆ ಹೊತ್ತಿಗೆ ದೇವಸ್ಥಾನದಲ್ಲಿ ಆರೇಳು ಜನ. ಜೇನು ಲಿಂಗದ ಮೇಲಿಂದ ನಿಧಾನಕ್ಕೆ ಇಳಿಯುತ್ತದೆ, ಕಣ್ಣು ಅದರ ಜೊತೆಗೇ ಇಳಿಯುತ್ತದೆ. ರುದ್ರ ಹೇಳುವಾಗ ಸಾಲು ತಪ್ಪುತ್ತದೆ. ತಪ್ಪಿದ್ದು ತಕ್ಷಣ ಗೊತ್ತಾದರೆ ಎಚ್ಚರ ಇದ್ದೀರಿ. ಗೊತ್ತಾಗದಿದ್ದರೆ ಕಣ್ಣು ತೆರೆದುಕೊಂಡೇ ಮಲಗಿದ್ದೀರಿ. ಮೊಬೈಲ್ ನಿದ್ದೆ ತಡೆಯುತ್ತದೆ, ಈ ಪರೀಕ್ಷೆಯನ್ನೂ ತಪ್ಪಿಸುತ್ತದೆ.

ತೋಟದಮನೆ: ಬಿಲ್ವದ ಮರ ಹತ್ತಿದ ಬೇಡನಿಗೆ ಇದೆಲ್ಲ ಗೊತ್ತಿರಲಿಲ್ಲ. ನಿದ್ದೆ ಬರಬಾರದು ಅಂತ ಸುಮ್ನೆ ಎಲೆ ಕಿತ್ತು ಹಾಕಿದ. ಫಲ ಸಿಕ್ಕಿತಲ್ವಾ?

ತುಂಗಾತೀರ: ಸಿಕ್ಕಿತು. ಆದರೆ ಕೈಗೆ ಸಿಕ್ಕ ಜಿಂಕೆಯನ್ನು, ಮಾತು ನಂಬಿ ಹೋಗಲು ಬಿಟ್ಟಿದ್ದನ್ನು ಮರೆಯಬೇಡಿ. ನನಗಂತೂ ಎಲೆಗಿಂತ ಅದೇ ದೊಡ್ಡದು.

ಹೊಸನಗರದ ಅತ್ತೆ: ನನಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಇದೆ. ಹೋದ ಏಕಾದಶಿ ಮಧ್ಯಾಹ್ನ ಬೆವರು ಕಿತ್ತು ಕೈ ನಡುಗಿತು. ನೋಡಿದರೆ 58. ವ್ರತ ಕೆಡುತ್ತದೆ ಅಂತ ಬೆಲ್ಲ ತಿನ್ನಲು ಹೆದರಿದೆ.

ತುಂಗಾತೀರ: ಅಯ್ಯೋ, ತಕ್ಷಣ ತಿನ್ನಬೇಕಿತ್ತು ಅತ್ತೆ. ನೀರು, ಗೆಡ್ಡೆ, ಹಣ್ಣು, ಹಾಲು, ಔಷಧಿಯಿಂದ ವ್ರತ ಕೆಡುವುದಿಲ್ಲ ಅಂತ ಶಾಸ್ತ್ರವೇ ಹೇಳುತ್ತದೆ. ಇನ್ಸುಲಿನ್ ತಗೊಂಡು ಊಟ ಬಿಡುವುದು ಬೇಡ, ಡಾಕ್ಟರನ್ನು ಕೇಳಿ. ದ್ವಾದಶಿ ಬೆಳಗ್ಗೆ ನೆಲ್ಲಿಕಾಯಿ ತಂಬುಳಿ ಉಂಡರೆ ಸಾಕು.

ಸಾಗರದ ಹುಡುಗ: ಗೆಡ್ಡೆ, ಹಣ್ಣು ಸರಿ. ಅವಲಕ್ಕಿ ಭತ್ತದ್ದೇ ಅಲ್ವಾ? ಬೇಯಿಸಿದ್ದಲ್ಲ, ನಡೆಯುತ್ತದೆ ಅಂತಾರೆ ಅಜ್ಜಿ.

ತೋಟದಮನೆ: ಭತ್ತ ನೆನೆಸಿ, ಹುರಿದೇ ಕುಟ್ಟುವುದು. ಬೆಂಕಿ ಮುಟ್ಟಿದೆ.

ಹೊಸನಗರದ ಅತ್ತೆ: ಪಕ್ಕದ ಮನೆ ಮಾಧ್ವರು ನೀರೂ ಮುಟ್ಟುವುದಿಲ್ಲ. ನಮ್ಮಲ್ಲಿ ಒಪ್ಪೊತ್ತು ಅವಲಕ್ಕಿ ಉಂಟು. ಅಜ್ಜಿ ಹತ್ತಿರ ವಾದ ಮಾಡಬೇಡ ಮಾರಾಯ.