ಡಿಸೆಂಬರ್‌ನಲ್ಲಿ ಇಎಸ್‌ಐ ಮಾಯ, ಜನವರಿಯಲ್ಲಿ ಮತ್ತೆ ಹಾಜರ್

ಪ್ರಶ್ನೆ – ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಅಕೌಂಟೆಂಟ್, ದಾವಣಗೆರೆ

ನಮ್ಮಲ್ಲಿ 64 ಜನ ಇದ್ದಾರೆ. ಇಆರ್‌ಪಿನೆಕ್ಸ್ಟ್‌ನಲ್ಲಿ ಸಂಬಳ ಮಾಡುತ್ತೇವೆ. ಒಬ್ಬ ಆಪರೇಟರ್‌ಗೆ ತಿಂಗಳಿಗೆ 20,500. ಡಿಸೆಂಬರ್‌ನಲ್ಲಿ 10 ದಿನದ ರಜೆ ನಗದು ಮಾಡಿ 5,400 ಕೊಟ್ಟೆವು. ಆ ತಿಂಗಳು ಅವನ ಇಎಸ್‌ಐ ಕಡಿತವೇ ಆಗಿಲ್ಲ, ಜನವರಿಯಲ್ಲಿ ಮತ್ತೆ ಆಗಿದೆ. ಇನ್ನೊಂದು ಕಡೆ, 23,000 ಸಂಬಳದ ಸೂಪರ್‌ವೈಸರ್‌ಗೆ ಇಎಸ್‌ಐ ಇಲ್ಲವೇ ಇಲ್ಲ. ಆದರೂ ನವೆಂಬರ್‌ನಲ್ಲಿ 150 ರೂಪಾಯಿ ಹಿಡಿದಿದೆ. ಸಾಫ್ಟ್‌ವೇರ್ ಕೆಟ್ಟಿದೆಯೋ, ನಾನು ಕೆಡಿಸಿದ್ದೇನೋ?

ಉತ್ತರ – ಪೇರೋಲ್ ಕನ್ಸಲ್ಟೆಂಟ್, ಚಿತ್ರದುರ್ಗ

ಸಾಫ್ಟ್‌ವೇರ್ ಹೇಳಿದ್ದನ್ನೇ ಮಾಡಿದೆ ಮೇಡಂ. ನಿಮ್ಮ ಇಎಸ್‌ಐ ಕಾಂಪೊನೆಂಟ್ ತೆಗೆದು ನೋಡಿ, ಕಂಡೀಷನ್ ಜಾಗದಲ್ಲಿ ಹೀಗೆ ಇರಬೇಕು:

```
gross_pay <= 21000
```

ಎರಡೂ ತಪ್ಪು ಹುಟ್ಟಿದ್ದು ಈ ಒಂದೇ ಸಾಲಿನಿಂದ. `gross_pay` ಅಂದರೆ ಪಿಎಫ್, ಇಎಸ್‌ಐ ಹಿಡಿಯುವ ಮೊದಲಿನ ಆ ತಿಂಗಳ ಒಟ್ಟು ಗಳಿಕೆ. ಗೈರುಹಾಜರಿ ಕಳೆದಿರುತ್ತದೆ, ರಜೆ ನಗದಿನಂಥ ಬಿಡಿ ಹಣ ಸೇರಿರುತ್ತದೆ. ಆಪರೇಟರ್‌ಗೆ ಅದು 25,900 ಆಯಿತು, ಮಿತಿ ದಾಟಿತು. ಸೂಪರ್‌ವೈಸರ್‌ಗೆ ನಾಲ್ಕು ದಿನ ಗೈರು ಬಿದ್ದಿರಬೇಕು. 23,000ದಲ್ಲಿ 30ಕ್ಕೆ 26 ದಿನ ಅಂದರೆ 19,933. ಅದರ ಶೇಕಡಾ 0.75 ಅಂದರೆ 149 ರೂಪಾಯಿ ಐವತ್ತು ಪೈಸೆ, ನಿಮ್ಮ 150 ಬಂದಿದ್ದು ಅಲ್ಲಿಂದ.

ಇಎಸ್‌ಐ ಒಳಗೋ ಹೊರಗೋ ಅನ್ನುವುದನ್ನು ತಿಂಗಳು ತಿಂಗಳು ನೋಡುವ ಹಾಗಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಅವಧಿ ಶುರುವಾದಾಗ ಒಳಗಿದ್ದವನು ನಡುವೆ 21,000 ದಾಟಿದರೂ ಅವಧಿ ಮುಗಿಯುವ ತನಕ ಒಳಗೇ.

ಹರಿಹರದ ಎಚ್‌ಆರ್

ಸರ್, ದಾಟಿದ ಮೇಲೂ ಒಳಗೇ ಇರುತ್ತಾನೆ, ಒಪ್ಪುತ್ತೇನೆ. ಆದರೆ 21,000ದ ಮೇಲಷ್ಟೇ ಹಿಡಿದರೆ ಸಾಕಲ್ವಾ? ಪಿಎಫ್‌ನಲ್ಲಿ 15,000ಕ್ಕೆ ನಿಲ್ಲಿಸುತ್ತೇವಲ್ಲ, ಹಾಗೆ.

ಪೇರೋಲ್ ಕನ್ಸಲ್ಟೆಂಟ್

ಮೊದಲರ್ಧ ಸರಿ, ಎರಡನೆಯದು ಇಲ್ಲ. ಪಿಎಫ್‌ನ 15,000 ಕಡಿತಕ್ಕೆ ಹಾಕಿದ ಮಿತಿ. ಇಎಸ್‌ಐನ 21,000 ಬರೀ ಬಾಗಿಲು. ಒಳಗೆ ಬಂದವನ ಸಂಬಳ ಜನವರಿಯಲ್ಲಿ 22,000 ಆದರೆ ಪೂರ್ತಿ 22,000ಕ್ಕೆ 165 ರೂಪಾಯಿ ಹಿಡಿಯಬೇಕು. ಓಟಿಯದು ಇನ್ನೂ ತಮಾಷೆ. ಬಾಗಿಲಲ್ಲಿ ಓಟಿ ಲೆಕ್ಕಕ್ಕಿಲ್ಲ, ಒಳಗೆ ಬಂದ ಮೇಲೆ ಓಟಿ ಹಣಕ್ಕೂ ಇಎಸ್‌ಐ ಉಂಟು.

ಹಾಗಾಗಿ ಬಾಗಿಲನ್ನು ಫಾರ್ಮುಲಾದಿಂದ ಹೊರಗಿಡಿ. Customize Form ನಲ್ಲಿ Employee ತೆಗೆದು ಒಂದು Check ಫೀಲ್ಡ್ ಸೇರಿಸಿ. ಹೆಸರು `custom_esi_covered` ಅಂತ ಇರಲಿ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್‌ಗೆ, ಪೂರ್ತಿ ತಿಂಗಳ ನಿಗದಿ ಸಂಬಳ ನೋಡಿ ಟಿಕ್ ಹಾಕಿ ಅಥವಾ ತೆಗೆಯಿರಿ. ಹೊಸಬರಿಗೆ ಸೇರಿದ ದಿನವೇ ತೀರ್ಮಾನ. ಆಮೇಲೆ ಕಂಡೀಷನ್ ಮತ್ತು ಫಾರ್ಮುಲಾ:

```
custom_esi_covered == 1

int((B + H + OA + OT) * 0.0075 + 0.999)
```

ಬಿ, ಎಚ್ ಎಲ್ಲ ನಿಮ್ಮ ಕಾಂಪೊನೆಂಟ್‌ಗಳ ಸಂಕ್ಷಿಪ್ತ ಹೆಸರು, ನಿಮ್ಮಲ್ಲಿ ಇರುವುದನ್ನೇ ಹಾಕಿ. ಕೊನೆಯ 0.999 ಯಾಕೆಂದರೆ ಇಎಸ್‌ಐನಲ್ಲಿ ಪೈಸೆ ಬಂದರೆ ಮುಂದಿನ ರೂಪಾಯಿಗೆ ಏರಿಸಬೇಕು. ಆಪರೇಟರ್‌ಗೆ 153.75 ಬರುತ್ತದೆ, ಹಿಡಿಯುವುದು 154.

ರಜೆ ನಗದನ್ನು ಬೇಕೆಂದೇ ಬಿಟ್ಟಿದ್ದೇನೆ. ವರ್ಷಕ್ಕೊಮ್ಮೆ ಕೊಡುವ ಹಣ ಅದು. ಎರಡು ತಿಂಗಳಿಗಿಂತ ಹೆಚ್ಚು ಅಂತರದಲ್ಲಿ ಕೊಡುವ ಹೆಚ್ಚುವರಿ ಹಣವನ್ನು ಇಎಸ್‌ಐ ವೇತನದಲ್ಲಿ ನಾನು ಸೇರಿಸುವುದಿಲ್ಲ. ಪಿಎಫ್‌ನಲ್ಲಂತೂ ಜಗಳವೇ ಬೇಡ. ಮಣಿಪಾಲದ ಸಂಸ್ಥೆಯೊಂದರ ಕೇಸಿನಲ್ಲಿ 2008ರಲ್ಲೇ ಸುಪ್ರೀಂ ಕೋರ್ಟ್ ರಜೆ ನಗದಿಗೆ ಪಿಎಫ್ ಇಲ್ಲ ಅಂದಿದೆ.

ಇನ್ನೊಂದು. ಪಿಎಫ್, ಇಎಸ್‌ಐ ಎರಡರಲ್ಲೂ Depends on Payment Days ಟಿಕ್ ತೆಗೆಯಿರಿ. ಹೊಸ ಕಾಂಪೊನೆಂಟ್ ಮಾಡಿದರೆ ಅದು ತಾನಾಗಿಯೇ ಟಿಕ್ ಆಗಿ ಬರುತ್ತದೆ, ಯಾರೂ ನೋಡುವುದಿಲ್ಲ. ಮೂಲವೇತನ 18,000 ಇರುವವನು 30ಕ್ಕೆ 26 ದಿನ ಬಂದ ಅನ್ನಿ. ಮೂಲವೇತನ 15,600 ಆಗುತ್ತದೆ, ಇನ್ನೂ 15,000ದ ಮೇಲೇ ಇದೆ. ಪಿಎಫ್ ಪೂರ್ತಿ 1,800 ಹೋಗಬೇಕು. ಟಿಕ್ ಇದ್ದರೆ ಆ 1,800ನ್ನೇ ದಿನಕ್ಕೆ ಹಂಚಿ 1,560 ಮಾಡಿಬಿಡುತ್ತದೆ.

ಮಂಡಕ್ಕಿ ಭಟ್ಟಿ ಮಾಲೀಕರು, ದಾವಣಗೆರೆ

ನಮ್ಮ ಭಟ್ಟಿಯಲ್ಲಿ 7 ಜನ. ವಾರದ ಬಟವಾಡೆ, ಚೀಟಿ ಲೆಕ್ಕ. ಇದೆಲ್ಲ ನೋಡಿ ಹೆದರಿಕೆ ಆಯಿತು. ನಾನೂ ಈ ಟಿಕ್ ಹಾಕಬೇಕಾ?

ಪೇರೋಲ್ ಕನ್ಸಲ್ಟೆಂಟ್

ಅಣ್ಣಾ, ಇಎಸ್‌ಐ 10 ಜನರಿಂದ, ಪಿಎಫ್ 20 ಜನರಿಂದ. ನೀವು ಆರಾಮಾಗಿ ಮಂಡಕ್ಕಿ ಹುರಿಯಿರಿ. ಹತ್ತನೆಯವನು ಬಂದ ದಿನ ಫೋನ್ ಮಾಡಿ.

ಅಕೌಂಟೆಂಟ್

ಸರ್, ಕಂಡೀಷನ್ ನೀವು ಹೇಳಿದ ಹಾಗೇ ಇತ್ತು. ಆದರೆ ಸೂಪರ್‌ವೈಸರ್ ನವೆಂಬರ್‌ನಲ್ಲಿ ಗೈರೇ ಆಗಿಲ್ಲ! ಹಿರಿಯೂರಿನಲ್ಲಿ ಗಿರಾಕಿ ಹತ್ತಿರ ನಾಲ್ಕು ದಿನ ಕೆಲಸದ ಮೇಲೇ ಇದ್ದ. ಅಂದರೆ ಸಂಬಳವೂ ತಪ್ಪಾಗಿ ಕಡಿತವಾಗಿದೆ. ಹೆಬ್ಬೆಟ್ಟು ಮಷಿನ್‌ನಿಂದ ಹಾಜರಿ ಬರುತ್ತದೆ ನಮ್ಮಲ್ಲಿ.

ಪೇರೋಲ್ ಕನ್ಸಲ್ಟೆಂಟ್

ಇದು ಇಎಸ್‌ಐಗಿಂತ ದೊಡ್ಡ ತಪ್ಪು. ಅವನಿಗೆ 3,067 ರೂಪಾಯಿ ಕಡಿಮೆ ಕೊಟ್ಟಿದ್ದೀರಿ. Payroll Settings ನಲ್ಲಿ Consider Unmarked Attendance As ಎಂಬುದು Absent ಇರಬೇಕು. ಹೆಬ್ಬೆಟ್ಟು ಬೀಳದ ದಿನ ಗೈರು ಅಂತಲೇ ಲೆಕ್ಕ. ಅದನ್ನು Present ಮಾಡಬೇಡಿ, ಆಗ ನಿಜವಾಗಿ ಬಾರದವನಿಗೂ ಸಂಬಳ ಹೋಗುತ್ತದೆ. ಹೊರಗೆ ಹೋಗುವವರಿಗೆ Attendance Request ಹಾಕಿ, ಕಾರಣ On Duty. ಸಂಬಳ ಮಾಡುವ ಮೊದಲು ಗುರುತಾಗದ ದಿನಗಳ ಪಟ್ಟಿ ತೆಗೆದು ಸೂಪರ್‌ವೈಸರ್‌ಗಳಿಗೆ ತೋರಿಸಿ. ಒಂದೇ ದಿನ ಅರ್ಧ ಕಾರ್ಖಾನೆ ಪಟ್ಟಿಯಲ್ಲಿದ್ದರೆ ಜನರದ್ದಲ್ಲ, ಮಷಿನ್‌ದೇ ತಪ್ಪು. Shift Type ನಲ್ಲಿ Last Sync of Checkin ಮುಂದೆ ಹೋಗಿದೆಯಾ ನೋಡಿ. ಅದು ನಿಂತಿದ್ದರೆ ಪಂಚ್ ಬಂದಿದ್ದರೂ ಹಾಜರಿ ಬೀಳುವುದಿಲ್ಲ.

ಹರಿಹರದ ಎಚ್‌ಆರ್

ಡಿಸೆಂಬರ್‌ನ 154 ರೂಪಾಯಿಯನ್ನು ಫೆಬ್ರವರಿ ಸಂಬಳದಲ್ಲಿ ಹಿಡಿದುಕೊಂಡರಾಯಿತು ಬಿಡಿ.

ಪೇರೋಲ್ ಕನ್ಸಲ್ಟೆಂಟ್

ಆಗುವುದಿಲ್ಲ. ಆಯಾ ಅವಧಿಯ ಸಂಬಳದಿಂದ ಹಿಡಿಯದ ಪಾಲನ್ನು ಆಮೇಲೆ ಕೆಲಸಗಾರನಿಂದ ವಸೂಲಿ ಮಾಡುವ ಹಾಗಿಲ್ಲ. ಆ 154, ಮಾಲೀಕರ ಪಾಲು 667, ಮೇಲೆ ವರ್ಷಕ್ಕೆ ಶೇಕಡಾ 12 ಬಡ್ಡಿ, ಎಲ್ಲ ಕಾರ್ಖಾನೆಯದೇ. ಮೊತ್ತ ಸಣ್ಣದು ಅಂತ ಸುಮ್ನೆ ಬಿಡಬೇಡಿ. ಕಾಯಿಲೆ ರಜೆಯ ಹಣ ಸಿಗಲು ಒಂದು ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ಗೈರು ಜಾಸ್ತಿ ಇರುವವನಿಗೆ ಒಂದು ತಿಂಗಳು ತಪ್ಪಿದರೂ ಅದು ಕೈತಪ್ಪಬಹುದು.

ಈಗ Salary Register ತೆಗೆದು ಅಕ್ಟೋಬರ್‌ನಿಂದ ತಿಂಗಳುವಾರು ಇಎಸ್‌ಐ ಕಾಲಂ ಪಕ್ಕಪಕ್ಕ ಇಟ್ಟು ನೋಡಿ. ಸಂಬಳ ತೆಗೆದುಕೊಂಡವನ ಸಾಲಿನಲ್ಲಿ ನಡುವೆ ಸೊನ್ನೆ ಇದ್ದರೆ, ಅಥವಾ ಸೊನ್ನೆಗಳ ನಡುವೆ ಒಂದು ಅಂಕಿ ಇದ್ದರೆ, ಅಲ್ಲಿ ಇದೇ ರೋಗ. ಇಬ್ಬರೇ ಅಂದುಕೊಂಡಿದ್ದೀರಿ, ಇನ್ನೂ ಇರಬಹುದು.

ಅಕೌಂಟೆಂಟ್

ಒಂಬತ್ತು ಜನ ಸಿಕ್ಕರು ಸರ್. ಎಲ್ಲರೂ ರಜೆ ನಗದು ತೆಗೆದುಕೊಂಡವರೇ. ಟಿಕ್‌ಗಳನ್ನು ಏಪ್ರಿಲ್ 1ಕ್ಕೆ ಬದಲಿಸುತ್ತೇನೆ.

ಪೇರೋಲ್ ಕನ್ಸಲ್ಟೆಂಟ್

ನಿಲ್ಲಿ! ಮಾರ್ಚ್ ಸಂಬಳ ಮಾಡುವುದು ಏಪ್ರಿಲ್ ಮೊದಲ ವಾರ ಅಲ್ವಾ? ಸ್ಲಿಪ್ ಮಾಡುವಾಗ ಅದು ಇವತ್ತಿನ ಟಿಕ್ ನೋಡುತ್ತದೆ, ಮಾರ್ಚ್‌ನದ್ದಲ್ಲ. ಮೊದಲೇ ತೆಗೆದರೆ ಮಾರ್ಚ್‌ನ ಇಎಸ್‌ಐ ಹೋಯಿತು. ಮಾರ್ಚ್ ಸ್ಲಿಪ್‌ಗಳೆಲ್ಲ ಸಬ್ಮಿಟ್ ಆದ ಮೇಲೆ ಬದಲಿಸಿ. ನಾನೇ ಒಂದು ಕಡೆ ಹೀಗೆ ಮಾಡಿ 31 ಸ್ಲಿಪ್ ರದ್ದು ಮಾಡಿದ್ದೇನೆ.

ಹರಿಹರದ ಎಚ್‌ಆರ್

ಡಿಸೆಂಬರ್‌ನಲ್ಲಿ 25,900 ಆಯಿತಲ್ಲ, ವೃತ್ತಿ ತೆರಿಗೆ 200 ಹಿಡಿದಿರಬೇಕಲ್ವಾ? 25,000 ಮುಟ್ಟಿದರೆ ಹಿಡಿಯಬೇಕು.

ಅಕೌಂಟೆಂಟ್

ಹೌದು, ಹಿಡಿದಿದೆ.

ಪೇರೋಲ್ ಕನ್ಸಲ್ಟೆಂಟ್

ವೃತ್ತಿ ತೆರಿಗೆಯಲ್ಲಿ ಸಂಬಳ ಅಂದರೆ ನಿಯಮಿತವಾಗಿ ಬರುವ ಹಣ. ವರ್ಷಕ್ಕೊಮ್ಮೆಯ ರಜೆ ನಗದು ಅದರಲ್ಲಿ ಬರುವುದಿಲ್ಲ ಎಂದು ನನ್ನ ಓದು. ನಮ್ಮ ಆಡಿಟರ್ ಒಪ್ಪುವುದಿಲ್ಲ, ಹಿಡಿದು ಕಟ್ಟಿಬಿಡಿ ಅನ್ನುತ್ತಾರೆ. ನಿಮ್ಮ ಆಡಿಟರ್‌ರನ್ನು ಕೇಳಿ, ಅವರು ಹೇಳಿದ್ದನ್ನು ಇಲ್ಲಿ ಹಾಕಿ.