ಪದಚರ್ಚೆ: ‘ಹೊರಹೋಗುವ ದರ’ 0.4 ಆ, 0.1 ಆ?

ಪ್ರಶ್ನೆ

ನಮಸ್ಕಾರ. ಚುಚ್ಚುಮದ್ದಿನ ಔಷಧಿ ರಕ್ತದಿಂದ ಅಂಗಾಂಶಕ್ಕೆ ಹೋಗಿ ಮತ್ತೆ ವಾಪಸ್ ಬರುವ ಬಗ್ಗೆ ಒಂದು ಪಾಠದ ಕರಡು ತಿದ್ದುತ್ತಿದ್ದೇನೆ. ಅದರಲ್ಲಿ ‘ಹೊರಹೋಗುವ ದರ’ ಎಂಬ ಮಾತು ಎರಡು ಕಡೆ ಬರುತ್ತದೆ. ಒಂದು ಕಡೆ ಗಂಟೆಗೆ 0.4, ಇನ್ನೊಂದು ಕಡೆ ಗಂಟೆಗೆ 0.1. ಔಷಧಿ ಒಂದೇ, ದೇಹವೂ ಒಂದೇ. ಕರಡಿನ ಲೆಕ್ಕ ಹೀಗಿದೆ. x ರಕ್ತದಲ್ಲಿರುವ ಔಷಧಿ, y ಅಂಗಾಂಶದಲ್ಲಿರುವುದು:

```
x' = -1.6 x + 0.5 y
y' =  1.2 x - 0.5 y
```

ರಕ್ತದಿಂದ ಅಂಗಾಂಶಕ್ಕೆ 1.2, ಅಂಗಾಂಶದಿಂದ ರಕ್ತಕ್ಕೆ 0.5, ರಕ್ತದಿಂದ ದೇಹದ ಹೊರಕ್ಕೆ 0.4. ಮೊದಲ ಸಾಲಿನ 1.6 ಅಂದರೆ 1.2 ಮತ್ತು 0.4 ಕೂಡಿಸಿದ್ದು. ಇದರ ಐಗನ್ ಮೌಲ್ಯಗಳು -2 ಮತ್ತು -0.1 ಎಂದು ಬರೆದಿದ್ದಾರೆ. ಆ 0.1ನ್ನೂ ‘ಹೊರಹೋಗುವ ದರ’ ಎಂದೇ ಕರೆದಿದ್ದಾರೆ. ಇದು ಕೈತಪ್ಪೋ, ರೂಢಿಯೋ? ಬೇರೆ ಮಾತು ಬೇಕಾದರೆ ಯಾವುದು ಸರಿ?

ಔಷಧ ವಿಜ್ಞಾನ ಓದಿದವರೊಬ್ಬರು

ಕೈತಪ್ಪಲ್ಲ, ರೂಢಿಯೇ. ಲಾಗ್ ಕಾಗದದ ಮೇಲೆ ರಕ್ತದ ಸಾಂದ್ರತೆ ಗುರುತಿಸಿದರೆ ಮೊದಲು ಕಡಿದಾದ ಇಳಿಕೆ, ಆಮೇಲೆ ನಿಧಾನದ ಇಳಿಕೆ ಕಾಣುತ್ತದೆ. ಮೊದಲನೆಯದು ಹಂಚಿಕೆ ಹಂತ, ಎರಡನೆಯದು ವಿಸರ್ಜನೆ ಹಂತ. ಹಾಗಾಗಿ 2 ಅಂದರೆ ಔಷಧಿ ಅಂಗಾಂಶಕ್ಕೆ ಹೋಗುವ ವೇಗ, 0.1 ಅಂದರೆ ಮೂತ್ರಪಿಂಡ ಅದನ್ನು ತೆಗೆದುಹಾಕುವ ವೇಗ. ‘ವಿಸರ್ಜನೆ ದರ’ ಅಂತ ಹಾಕಿ, ಸಾಕು.

ಗಣಿತ ಪಾಠ ಮಾಡುವವರು

ಹಂತಗಳ ಹೆಸರು ನೀವು ಹೇಳಿದ್ದೇ ಸರಿ. ಆದರೆ ದರದ ಅರ್ಥ ಹಾಗಲ್ಲ ಸರ್. ಅಂಗಾಂಶಕ್ಕೆ ಹೋಗುವ ವೇಗ 1.2 ಎಂದು ಕರಡಿನಲ್ಲೇ ಇದೆ, 2 ಅಲ್ಲ. ಹೊರಹೋಗುವುದು 0.4, 0.1 ಅಲ್ಲ. ಐಗನ್ ಮೌಲ್ಯ ಯಾವುದೋ ಒಂದು ದಾರಿಯ ವೇಗ ಅಲ್ಲವೇ ಅಲ್ಲ. ಮೂರೂ ದಾರಿಗಳು ಸೇರಿ ಹುಟ್ಟಿಸುವ ವೇಗ ಅದು. ಋಣ ಚಿಹ್ನೆ ಬಿಟ್ಟು ನೋಡಿದರೆ ಇಲ್ಲಿ ಎರಡು ಐಗನ್ ಮೌಲ್ಯಗಳ ಮೊತ್ತ 2.1, ಅಂದರೆ 1.2, 0.5, 0.4 ಕೂಡಿಸಿದಷ್ಟು. ಗುಣಲಬ್ಧ 0.2, ಅಂದರೆ 0.4ನ್ನು 0.5ರಿಂದ ಗುಣಿಸಿದಷ್ಟು.

0.1 ಎಲ್ಲಿಂದ ಬಂತು ಅನ್ನುವುದನ್ನು ಕಣ್ಣಿಗೆ ಕಾಣುವ ಹಾಗೆ ಹೇಳಬಹುದು. ನಿಧಾನದ ಹಂತದಲ್ಲಿ ರಕ್ತದಲ್ಲಿ 1 ಪಾಲು ಔಷಧಿ ಇದ್ದರೆ ಅಂಗಾಂಶದಲ್ಲಿ 3 ಪಾಲು ಇರುತ್ತದೆ. ಇದೇ ಐಗನ್ ವೆಕ್ಟರ್. ಕರಡಿನ ಸಾಲುಗಳಿಗೆ 1 ಮತ್ತು 3 ಹಾಕಿ ನೋಡಿ. ಮೊದಲ ಸಾಲು -1.6 + 1.5, ಅಂದರೆ -0.1. ಎರಡನೆಯದು 1.2 - 1.5, ಅಂದರೆ -0.3. ಎರಡೂ ತಮ್ಮ ತಮ್ಮ ಹತ್ತನೇ ಒಂದು ಭಾಗದ ವೇಗದಲ್ಲೇ ಇಳಿಯುತ್ತಿವೆ. ಹಾಗಾಗಿ 1ಕ್ಕೆ 3ರ ಲೆಕ್ಕ ಕೊನೆಯವರೆಗೂ ಕೆಡುವುದಿಲ್ಲ.

ಈಗ ಗಮನಿಸಿ. ಹೊರಗೆ ಹೋಗುವ ಬಾಗಿಲು ಇರುವುದು ರಕ್ತದಲ್ಲಿ ಮಾತ್ರ. ದೇಹದಲ್ಲಿ ಉಳಿದ ಔಷಧಿಯಲ್ಲಿ ನಾಲ್ಕನೇ ಒಂದು ಭಾಗ ಮಾತ್ರ ಆ ಬಾಗಿಲ ಬಳಿ ಇದೆ. 0.4ರ ಕಾಲು ಭಾಗ 0.1. ಇಷ್ಟೇ ವಿಷಯ. ಮೂತ್ರಪಿಂಡ ಸೋಮಾರಿಯಾಗಿಲ್ಲ, ಔಷಧಿ ಬೇರೆ ಕಡೆ ಕೂತಿದೆ.

ಇನ್ನೊಂದು ಪರೀಕ್ಷೆ ಮಾಡಿ. ಹೊರಹೋಗುವ 0.4 ಹಾಗೇ ಇರಲಿ, ಅಂಗಾಂಶದಿಂದ ವಾಪಸ್ ಬರುವ 0.5ನ್ನು 1 ಮಾಡಿ. ನಿಧಾನದ ದರ 0.1ರಿಂದ ಸುಮಾರು 0.16ಕ್ಕೆ ಏರುತ್ತದೆ. ಮೂತ್ರಪಿಂಡವನ್ನು ನಾವು ಮುಟ್ಟೇ ಇಲ್ಲ, ಆದರೂ ‘ವಿಸರ್ಜನೆ ದರ’ ಬದಲಾಯಿತು ಅಂತ ಬರೆಯಬೇಕಾಗುತ್ತದೆ. ಓದುವವರು ದಾರಿ ತಪ್ಪುವುದು ಇಲ್ಲೇ.

ಪ್ರಶ್ನೆ ಕೇಳಿದವರು

ಕಾಲು ಭಾಗದ ಮಾತು ತುಂಬಾ ಚೆನ್ನಾಗಿ ಅರ್ಥವಾಯಿತು. ಹಾಗಾದರೆ 2 ಅನ್ನುವುದಕ್ಕೆ ಇಂಥದ್ದೇ ಚಿತ್ರ ಇದೆಯಾ?

ಗಣಿತ ಪಾಠ ಮಾಡುವವರು

ಇದೆ, ಆದರೆ ಸ್ವಲ್ಪ ವಿಚಿತ್ರ. ಅದರ ಐಗನ್ ವೆಕ್ಟರ್ 5 ಮತ್ತು -4. ಋಣ ಚಿಹ್ನೆ ನೋಡಿ ಹೆದರಬೇಡಿ. ಔಷಧಿ ಋಣವಾಗುವುದಿಲ್ಲ. ರಕ್ತದಲ್ಲಿ ಹೆಚ್ಚು ಇದೆ, ಅಂಗಾಂಶದಲ್ಲಿ ಕೊರತೆ ಇದೆ ಅಂತ ಅರ್ಥ. 1ಕ್ಕೆ 3ರ ಲೆಕ್ಕಕ್ಕಿಂತ ಎಷ್ಟು ದೂರ ಇದ್ದೇವೆ ಅನ್ನುವುದನ್ನು ಅದು ಹೇಳುತ್ತದೆ. ಆ ಅಂತರ ಗಂಟೆಗೆ 2ರ ದರದಲ್ಲಿ ಕರಗುತ್ತದೆ. ಅರ್ಧ ಕರಗಲು ಸುಮಾರು 21 ನಿಮಿಷ. ನಿಧಾನದ್ದು ಅರ್ಧವಾಗಲು ಸುಮಾರು 7 ಗಂಟೆ.

ಚುಚ್ಚಿದ ಕೂಡಲೇ ರಕ್ತದಲ್ಲಿ ಲೀಟರಿಗೆ 19 ಮಿಲಿಗ್ರಾಂ ಇತ್ತು ಅಂದುಕೊಳ್ಳಿ. ಅದು ಹೀಗೆ ಒಡೆಯುತ್ತದೆ:

```
C(t) = 15 e^(-2t) + 4 e^(-0.1t)
```

1 ಗಂಟೆಗೆ ಸುಮಾರು 5.65, 10 ಗಂಟೆಗೆ ಸುಮಾರು 1.47. ಮೊದಲ ಗಂಟೆಯ ಎರಡೇ ಮಾದರಿ ತೆಗೆದು ಗೆರೆ ಎಳೆದರೆ 34 ನಿಮಿಷಕ್ಕೊಮ್ಮೆ ಅರ್ಧವಾಗುತ್ತಿದೆ ಅನಿಸುತ್ತದೆ. ಆ ಲೆಕ್ಕದಲ್ಲಿ 10 ಗಂಟೆಗೆ ಏನೂ ಉಳಿದಿರಬಾರದು. ಅದನ್ನು ನಂಬಿ ಮುಂದಿನ ಡೋಸ್ ಬೇಗ ಕೊಟ್ಟರೆ ಔಷಧಿ ದೇಹದಲ್ಲಿ ಗುಡ್ಡೆಯಾಗುತ್ತದೆ. ತಡವಾಗಿ ಮಾದರಿ ತೆಗೆದರೂ ಮೋಸ ಹೋಗುತ್ತೀರಿ. ನೀಟಾದ ಒಂದೇ ಗೆರೆ ಸಿಗುತ್ತದೆ. ಅದನ್ನು ಹಿಂದಕ್ಕೆ ಎಳೆದರೆ ಆರಂಭದಲ್ಲಿ 19 ಅಲ್ಲ, 4 ಅಂತ ತೋರಿಸುತ್ತದೆ.

ಇನ್ನೊಬ್ಬರು

ನಮ್ಮ ತಂದೆಯವರು ಡಿಗಾಕ್ಸಿನ್ ಮಾತ್ರೆ ತಗೋತಾರೆ. ಒಮ್ಮೆ ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೇ ರಕ್ತ ಕೊಟ್ಟರು, ಲೆವೆಲ್ ಜಾಸ್ತಿ ಬಂತು. ಮನೆಯವರೆಲ್ಲ ಗಾಬರಿ. ಮರುದಿನ ಮಾತ್ರೆಗೆ ಮುಂಚೆ ತೆಗೆದಾಗ ಸರಿಯಾಗೇ ಇತ್ತು. ಒಂದೇ ರಾತ್ರಿಯಲ್ಲಿ ಅಷ್ಟು ಹೊರಗೆ ಹೋಯಿತಾ? ನೀವು ಹೇಳುವ ಬಾಗಿಲು ಇದೇನಾ?

ಔಷಧ ವಿಜ್ಞಾನ ಓದಿದವರು

ಬಹುಪಾಲು ಹೊರಗೆ ಹೋಗಿಲ್ಲ, ಅಂಗಾಂಶಕ್ಕೆ ಸರಿದಿದೆ. ಡಿಗಾಕ್ಸಿನ್ ಹೃದಯದ ಸ್ನಾಯುವಿನಲ್ಲಿ ಕೆಲಸ ಮಾಡುತ್ತದೆ, ಅಲ್ಲಿಗೆ ಹಂಚಿಕೆಯಾಗಲು ಹೊತ್ತು ಬೇಕು. ಅದಕ್ಕೇ ಡೋಸ್ ಆದಮೇಲೆ ಕನಿಷ್ಠ 6 ಗಂಟೆ ಬಿಟ್ಟು ಅಥವಾ ಮುಂದಿನ ಡೋಸ್‌ಗೆ ಮುಂಚೆ ರಕ್ತ ತೆಗೆಯುತ್ತಾರೆ. ಬೇಗ ತೆಗೆದರೆ ರಕ್ತದ ಅಂಕಿ ಹೆಚ್ಚಿರುತ್ತದೆ, ಹೃದಯದಲ್ಲಿ ಇನ್ನೂ ಅಷ್ಟು ಸೇರಿರುವುದಿಲ್ಲ. ಮುಂದಿನ ಸಲ ಮಾತ್ರೆ ನುಂಗಿದ ಸಮಯವನ್ನೂ ರಕ್ತ ಕೊಟ್ಟ ಸಮಯವನ್ನೂ ಚೀಟಿಯಲ್ಲಿ ಬರೆಸಿ. ಮಾತ್ರೆಯಾದ್ದರಿಂದ ಕರುಳಿನಿಂದ ಹೀರುವುದೂ ಸೇರಿಕೊಳ್ಳುತ್ತದೆ, ಮೇಲಿನ ಎರಡೇ ಸಾಲಿನ ಲೆಕ್ಕ ಅದಕ್ಕೆ ಸಾಲದು.

ಗಣಿತದವರಿಗೆ ಒಂದು ಮಾತು. 0.1ರ ಅರ್ಥದ ಬಗ್ಗೆ ನಿಮ್ಮ ವಿವರಣೆ ಒಪ್ಪಿದೆ. ಆದರೆ ಬಾಗಿಲು ರಕ್ತದಲ್ಲಿ ಮಾತ್ರ ಇದೆ ಅಂದಿರಲ್ಲ, ಅದು ನಾವು ಹಾಕಿಕೊಂಡ ಊಹೆ. ಅಂಗಾಂಶದಲ್ಲೇ ಔಷಧಿ ಒಡೆದುಹೋದರೆ?

ಗಣಿತ ಪಾಠ ಮಾಡುವವರು

ಆಗ ‘0.4ರ ಕಾಲು’ ನಿಲ್ಲುವುದಿಲ್ಲ, ನಿಜ. ಇನ್ನೂ ಕಷ್ಟದ ಸಂಗತಿ ಇದೆ. ರಕ್ತದ ಮಾದರಿಯಿಂದ ಸಿಗುವುದು ನಾಲ್ಕೇ ಅಂಕಿ: 15, 4, 2, 0.1. ಬಾಗಿಲು ಒಂದಾದರೆ ಮೂರು ದರಗಳನ್ನೂ ರಕ್ತದ ಭಾಗದ ಗಾತ್ರವನ್ನೂ ಅವುಗಳಿಂದ ಹಿಂದಕ್ಕೆ ಲೆಕ್ಕ ಹಾಕಬಹುದು. ಎರಡು ಬಾಗಿಲಾದರೆ ದರಗಳು ನಾಲ್ಕು, ಅಂಕಿ ಸಾಲುವುದಿಲ್ಲ. ಎರಡೂ ಕಥೆಗಳು ರಕ್ತದಲ್ಲಿ ಒಂದೇ ಗೆರೆ ಬಿಡಿಸುತ್ತವೆ. ರಕ್ತ ನೋಡಿ ಯಾವುದು ಅಂತ ಹೇಳಲು ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಹಾಗಾದರೆ 0.4ಕ್ಕೆ ‘ಹೊರಹೋಗುವ ದರ’ ಉಳಿಸುತ್ತೇನೆ. 2 ಮತ್ತು 0.1ಕ್ಕೆ ‘ವೇಗದ ಇಳಿಕೆಯ ದರ’, ‘ನಿಧಾನದ ಇಳಿಕೆಯ ದರ’ ಅಂತ ಹಾಕುತ್ತೇನೆ. ಯಾವ ಬಾಗಿಲ ಮಾತೂ ಅವುಗಳಲ್ಲಿ ಇರುವುದಿಲ್ಲ.

ಔಷಧ ವಿಜ್ಞಾನ ಓದಿದವರು

ನನಗೆ ಪೂರ್ತಿ ಸಮಾಧಾನವಿಲ್ಲ. ಪರೀಕ್ಷೆಯಲ್ಲಿ ‘ವಿಸರ್ಜನೆ ಹಂತ’ ಅಂತಲೇ ಕೇಳುತ್ತಾರೆ, ಆ ಹೆಸರು ಪಾಠದಲ್ಲಿ ಒಂದು ಕಡೆಯಾದರೂ ಬರಲಿ. ಹಂತಕ್ಕೆ ಹೆಸರು ಇರಲಿ, ದರಕ್ಕೆ ಬೇಡ.