5 ಎಚ್‌ಪಿ ಡೀಸೆಲ್ ಇಂಜಿನ್: ಲೋಡ್ ಇಲ್ಲದಾಗ ಜೋರು ನಾಕಿಂಗ್, ಅಳೆದರೆ ಡೀಸೆಲ್ ಖರ್ಚು ನಂಬಲಾಗದಷ್ಟು ಕಡಿಮೆ

ಪೆರ್ಲದ_ಪಂಪು

ನಮಸ್ಕಾರ. ಪೆರ್ಲದ ಹತ್ತಿರ ನಮ್ಮದು ಅಡಿಕೆ ತೋಟ. ಕರೆಂಟು ಹೋದಾಗ ಸ್ಪ್ರಿಂಕ್ಲರ್ ಓಡಿಸಲು ಹಳೆಯ 5 ಎಚ್‌ಪಿ ಡೀಸೆಲ್ ಇಂಜಿನ್ ಇದೆ. ಒಂದೇ ಸಿಲಿಂಡರ್, 1500 ಆರ್‌ಪಿಎಂ. ಮಳೆಗಾಲದಲ್ಲಿ ಬಿಚ್ಚಿಸಿ ರಿಂಗು, ಗ್ಯಾಸ್ಕೆಟ್ ಬದಲಿಸಿದೆ. ಆಗ ಮೆಕ್ಯಾನಿಕ್ ಫ್ಯುಯೆಲ್ ಪಂಪನ್ನೂ ಕಳಚಿ ಕೂರಿಸಿದರು. ಅಂದಿನಿಂದ ಟಕ್ ಟಕ್ ಅಂತ ಸುತ್ತಿಗೆಯಲ್ಲಿ ಹೊಡೆದ ಹಾಗೆ ಸದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಜಾಸ್ತಿ. ಲೋಡ್ ಕೊಟ್ಟರೆ ಕಡಿಮೆಯಾಗುತ್ತದೆ.

ಹೇಗೂ ತಲೆಬಿಸಿ ಆಯ್ತಲ್ಲ ಅಂತ ಶೆಡ್ಡಿನಲ್ಲೇ ಹಗ್ಗದ ಬ್ರೇಕ್ ಕಟ್ಟಿ ಅಳೆದೆ. ಡ್ರಮ್ಮಿನ ವ್ಯಾಸ 300 ಮಿ.ಮೀ. ತೂಗುಹಾಕಿದ್ದು 16 ಕೆಜಿ, ಸ್ಪ್ರಿಂಗ್ ತಕ್ಕಡಿ ತೋರಿಸಿದ್ದು 2 ಕೆಜಿ, ವೇಗ 1480. ಬ್ಯೂರೆಟ್ಟಿನಲ್ಲಿ 20 ಸಿಸಿ ಡೀಸೆಲ್ ಇಳಿಯಲು 118 ಸೆಕೆಂಡ್. ಲೆಕ್ಕ ಹಾಕಿದರೆ 3.19 ಕಿಲೋವ್ಯಾಟ್, ಒಂದು ಕಿಲೋವ್ಯಾಟ್-ಗಂಟೆಗೆ 159 ಗ್ರಾಂ. ಇಷ್ಟು ಕಡಿಮೆ ಕುಡಿಯುವುದಾದರೆ ಸಂತೋಷವೇ. ಆದರೆ ಈ ಸದ್ದಿನಲ್ಲಿ ಓಡಿಸಲು ಹೆದರಿಕೆ. ಗುಡ್ಜನ್ ಪಿನ್ ಹೋಗಿದೆಯಾ?

ಉಪ್ಪಳ_ಡೀಸೆಲ್

ನಿಮ್ಮ ಲೆಕ್ಕವೇ ತಪ್ಪು ಮಾರಾಯ್ರೆ. ಡ್ರಮ್ಮಿನ ಅರ್ಧ ವ್ಯಾಸ ಮಾತ್ರ ತೆಗೆದುಕೊಂಡಿದ್ದೀರಿ. ಭಾರ ಎಳೆಯುವುದು ಹಗ್ಗದ ನಡುವಿನಿಂದ. ಹಗ್ಗದ ದಪ್ಪ ಸೇರಿಸಿ, ಎಲ್ಲ ಸರಿಯಾಗುತ್ತದೆ. ಸದ್ದಿಗೆ ಬೇರಿಂಗೇ ಕಾರಣ. ನನ್ನ ಕೈಯಲ್ಲಿ ಬಂದ ಒಂದು ಬೋಟಿನ ಇಂಜಿನ್ ಹೀಗೇ ಕುಟ್ಟುತ್ತಿತ್ತು, ಬಿಚ್ಚಿದರೆ ಗುಡ್ಜನ್ ಪಿನ್ನಿನ ಬುಷ್ ಸವೆದು ಅಂಡಾಕಾರ ಆಗಿತ್ತು.

ತಾಳವಾಡಿ_ಬೈಕು

ನನಗೂ ಇದೇ ತೊಂದರೆ! ದಿಂಬಂ ಘಾಟಿ ಹತ್ತುವಾಗ ದೊಡ್ಡ ಗೇರಿನಲ್ಲಿ ಎಳೆಸಿದರೆ ಬೈಕು ಕಟಕಟ ಅನ್ನುತ್ತದೆ. ಒಳ್ಳೆ ಪೆಟ್ರೋಲ್ ಹಾಕಿದ ಮೇಲೆ ಸುಮಾರು ಕಡಿಮೆಯಾಯಿತು. ಡೀಸೆಲ್ಲಿಗೆ ಒಂದು ಲೋಟ ಪೆಟ್ರೋಲ್ ಬೆರೆಸಿ ನೋಡಿ.

ನಿವೃತ್ತ_ಮಾಷ್ಟ್ರು

ಬೈಕಿನವರೇ, ದಯವಿಟ್ಟು ಬೇಡ. ನಿಮ್ಮದು ಲೋಡ್ ಜಾಸ್ತಿಯಾದಾಗ ಬರುವ ಸದ್ದು. ಇವರದ್ದು ಲೋಡ್ ಕಡಿಮೆಯಾದಾಗ ಬರುವುದು. ರೋಗವೇ ತಿರುಗುಮುರುಗು. ಪೆಟ್ರೋಲ್ ಇಂಜಿನ್ನಿನಲ್ಲಿ ಬೆಂಕಿ ಹತ್ತಿ ಅರ್ಧ ಉರಿದ ಮೇಲೆ ಕೊನೆಗೆ ಉಳಿದದ್ದು ತಾನೇ ಸಿಡಿಯುತ್ತದೆ. ಡೀಸೆಲ್ಲಿನಲ್ಲಿ ಬೆಂಕಿ ಹತ್ತುವುದಕ್ಕೇ ತಡವಾಗಿ, ಶುರುವಿನಲ್ಲೇ ಸಿಡಿಯುತ್ತದೆ. ಸುಲಭವಾಗಿ ತಾನೇ ಹೊತ್ತಿಕೊಳ್ಳದಿರುವುದು ಪೆಟ್ರೋಲಿನ ಒಳ್ಳೆ ಗುಣ. ಅದನ್ನೇ ಡೀಸೆಲ್ಲಿಗೆ ಬೆರೆಸಿದರೆ ತಡ ಇನ್ನೂ ಹೆಚ್ಚುತ್ತದೆ. ಟ್ಯಾಂಕಿಗೆ ಬೆಂಕಿ ಹಿಡಿಯುವ ಅಪಾಯ ಬೇರೆ.

ಪೆರ್ಲದವರೇ, ನಮ್ಮ ಬಚ್ಚಲ ಒಲೆ ನೆನಪು ಮಾಡಿಕೊಳ್ಳಿ. ಒಣ ಮಡಲು ಇಟ್ಟರೆ ತುದಿಯಿಂದ ನಿಧಾನ ಹತ್ತಿಕೊಂಡು ಉರಿಯುತ್ತದೆ. ಹಸಿ ಸೌದೆ ತುಂಬಿದರೆ ಮೊದಲು ಬರೀ ಹೊಗೆ. ಆಮೇಲೆ ಒಮ್ಮೆಗೇ ಭಗ್ಗನೆ ಎದ್ದು ಹುಬ್ಬು ಸುಡುತ್ತದೆ. ಸಿಲಿಂಡರಿನೊಳಗೂ ಹಾಗೇ. ನಾಸಲ್ ಡೀಸೆಲ್ ಚಿಮ್ಮಿಸಲು ಶುರು ಮಾಡಿದ ತಕ್ಷಣ ಬೆಂಕಿ ಹತ್ತುವುದಿಲ್ಲ. ಹನಿಗಳು ಬಿಸಿಯಾಗಿ, ಆವಿಯಾಗಿ, ಗಾಳಿಯಲ್ಲಿ ಬೆರೆಯಬೇಕು. ಅಷ್ಟು ಹೊತ್ತೂ ನಾಸಲ್ ಸುಮ್ನೆ ಕೂತಿರುವುದಿಲ್ಲ, ಚಿಮ್ಮಿಸುತ್ತಲೇ ಇರುತ್ತದೆ. ತಡವಾದಷ್ಟೂ ಒಳಗೆ ಡೀಸೆಲ್ ಜಮೆಯಾಗಿ, ಹತ್ತಿದಾಗ ಎಲ್ಲ ಒಟ್ಟಿಗೆ ಉರಿದು ಒತ್ತಡ ಧಿಗ್ಗನೆ ಏರುತ್ತದೆ. ನಿಮಗೆ ಕೇಳುವ ಟಕ್ ಅದೇ ಇರಬೇಕು.

ಬೆಳಿಗ್ಗೆ ಲೋಹ ತಣ್ಣಗಿರುತ್ತದೆ, ಒತ್ತಿದ ಗಾಳಿಯೂ ಅಷ್ಟು ಬಿಸಿಯಾಗುವುದಿಲ್ಲ. ಲೋಡ್ ಇಲ್ಲದಾಗಲೂ ಸಿಲಿಂಡರ್ ತಂಪಾಗಿಯೇ ಇರುತ್ತದೆ. ಅದಕ್ಕೇ ಆಗ ಸದ್ದು ಜಾಸ್ತಿ. ಬೇರಿಂಗ್ ಸದ್ದಾದರೆ ಸಾಮಾನ್ಯವಾಗಿ ಎಣ್ಣೆ ಬಿಸಿಯಾಗಿ ತೆಳ್ಳಗಾದಾಗ, ಲೋಡ್ ಕೊಟ್ಟಾಗ ಏರಬೇಕು. ಪಂಪ್ ಕಳಚಿ ಕೂರಿಸಿದ ಮೇಲೆ ಶುರುವಾಯಿತು ಅಂದಿರಲ್ಲ, ನನ್ನ ಅನುಮಾನ ಅಲ್ಲೇ. ಪಂಪಿನ ಅಡಿಯ ಶಿಮ್ ಕಡಿಮೆಯಾದರೆ ಪಂಪ್ ಕ್ಯಾಮಿನ ಹತ್ತಿರ ಬರುತ್ತದೆ, ಡೀಸೆಲ್ ಬೇಗ ಚಿಮ್ಮುತ್ತದೆ. ಪಿಸ್ಟನ್ ಇನ್ನೂ ಕೆಳಗಿರುವಾಗ ಗಾಳಿ ಬಿಸಿಯೇ ಆಗಿರುವುದಿಲ್ಲ. 1500 ಆರ್‌ಪಿಎಂನಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಕ್ರ್ಯಾಂಕು 9 ಡಿಗ್ರಿ ತಿರುಗುತ್ತದೆ. ಸ್ವಲ್ಪ ತಡವಾದರೂ ದೊಡ್ಡ ವ್ಯತ್ಯಾಸ.

ಉಪ್ಪಳ_ಡೀಸೆಲ್

ಮಾಷ್ಟ್ರೇ, ಬಿಚ್ಚದೆ ಇದನ್ನೆಲ್ಲ ಹೇಗೆ ಹೇಳುತ್ತೀರಿ?

ನಿವೃತ್ತ_ಮಾಷ್ಟ್ರು

ಖಂಡಿತ ಹೇಳುತ್ತಿಲ್ಲ, ಅನುಮಾನ ಅಂದೆ. ಒಂದು ಸಣ್ಣ ಪರೀಕ್ಷೆ ಇದೆ. ಲೋಡ್ ತೆಗೆದು ಓಡಿಸಿ ಸ್ಟಾಪ್ ಲಿವರ್ ಎಳೆಯಿರಿ. ಫ್ಲೈವೀಲ್ ಭಾರದಲ್ಲಿ ಇಂಜಿನ್ ಇನ್ನೂ ಕೆಲವು ಸುತ್ತು ತಿರುಗುತ್ತದೆ. ಡೀಸೆಲ್ ನಿಂತ ಕೂಡಲೇ ಟಕ್ ಪೂರ್ತಿ ನಿಂತರೆ ಉರಿಯುವುದರ ಸದ್ದು. ಆಗಲೂ ಮೆಲ್ಲಗೆ ಕುಟ್ಟುತ್ತಿದ್ದರೆ ನಿಮ್ಮ ಬುಷ್ಷೂ ಇರಬಹುದು. ಉರಿಯ ಒತ್ತಡ ಇಲ್ಲದಾಗ ಸವೆದ ಬುಷ್ಷೂ ಕೆಲವೊಮ್ಮೆ ಬಾಯಿ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಇದು ಪಕ್ಕಾ ಪರೀಕ್ಷೆ ಅಲ್ಲ.

ಇನ್ನು ಅಳತೆ. ಹಗ್ಗದ ಮಾತು ನೀವು ಹೇಳಿದ್ದು ಸರಿ. ಹಗ್ಗ ಎಷ್ಟು ದಪ್ಪ?

ಪೆರ್ಲದ_ಪಂಪು

15 ಮಿ.ಮೀ. ಸ್ಟಾಪ್ ಲಿವರ್ ಎಳೆದೆ, ಸದ್ದು ಥಟ್ಟನೆ ನಿಂತಿತು.

ನಿವೃತ್ತ_ಮಾಷ್ಟ್ರು

ಹಾಗಾದರೆ 300ಕ್ಕೆ 15 ಸೇರಿಸಿ ಅರ್ಧ ಮಾಡಿ, 157.5 ಮಿ.ಮೀ.

```
T  = (16 - 2) x 9.81 x 0.1575 = 21.6 Nm
BP = 2 x 3.1416 x 1480 x 21.6 / 60000 = 3.35 kW
```

20 ಸಿಸಿಗೆ 118 ಸೆಕೆಂಡ್ ಅಂದರೆ ಗಂಟೆಗೆ 610 ಸಿಸಿ, ತೂಕದಲ್ಲಿ 506 ಗ್ರಾಂ. ಭಾಗಿಸಿದರೆ 151. ನೋಡಿ, ತಪ್ಪು ತಿದ್ದಿದ ಮೇಲೆ ಅಂಕಿ ಇನ್ನೂ ಕೆಟ್ಟಿತು! ಉಪ್ಪಳದವರ ತಿದ್ದುಪಡಿ ಸರಿ, ಆದರೆ ರೋಗ ಅದಲ್ಲ.

151 ಯಾಕೆ ಆಗದು ಅಂದರೆ, ಒಂದು ಕೆಜಿ ಡೀಸೆಲ್ಲಿನಲ್ಲಿ ಸುಮಾರು 42.5 ಮೆಗಾಜೂಲ್ ಶಾಖ. ಈ ಲೆಕ್ಕದಲ್ಲಿ ನಿಮ್ಮ ಇಂಜಿನ್ ಅದರ 56 ಶೇಕಡವನ್ನು ಕೆಲಸಕ್ಕೆ ತಿರುಗಿಸುತ್ತಿದೆ. ದೊಡ್ಡ ಹಡಗುಗಳ ನಿಧಾನ ಇಂಜಿನ್ನುಗಳೇ 50ರ ಆಸುಪಾಸು. ಇಂಥ ಸಣ್ಣ ಇಂಜಿನ್ನಿಗೆ ಪೂರ್ತಿ ಲೋಡಿನ ಹತ್ತಿರ 250ರಿಂದ 290 ಗ್ರಾಂ ಬಂದರೆ ನಾನು ನಂಬುತ್ತೇನೆ. ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಡೀಸೆಲ್ ಬರುತ್ತಿದೆ.

ಟ್ಯಾಂಕಿಗೂ ಬ್ಯೂರೆಟ್ಟಿಗೂ ನಡುವೆ ಮೂರು ದಾರಿಯ ಕಾಕ್ ಹಾಕಿದ್ದೀರಲ್ಲ? ಇಂಜಿನ್ ನಿಲ್ಲಿಸಿ, ಅಳೆಯುವಾಗ ಹೇಗೆ ತಿರುಗಿಸುತ್ತೀರೋ ಹಾಗೇ ಇಟ್ಟು, ಒಂದು ನಿಮಿಷ ಬ್ಯೂರೆಟ್ ನೋಡುತ್ತ ಕೂರಿ. ಮಟ್ಟ ಕದಲಬಾರದು.

ಪೆರ್ಲದ_ಪಂಪು

ಮಾಷ್ಟ್ರೇ, ಕದಲಿತು! ಒಂದು ನಿಮಿಷಕ್ಕೆ ಸರಿಯಾಗಿ 9 ಸಿಸಿ ಮೇಲೆ ಏರಿತು. ಟ್ಯಾಂಕು ಮೇಲೆ ಇದೆ, ಕಾಕ್ ಪೂರ್ತಿ ಮುಚ್ಚುತ್ತಿರಲಿಲ್ಲ. ಇಂಜಿನ್ ಓಡುವಾಗ ಮಟ್ಟ ಹೇಗೂ ಇಳಿಯುತ್ತಿತ್ತು, ಹಾಗಾಗಿ ಗೊತ್ತೇ ಆಗಲಿಲ್ಲ. ಬದಿಯಡ್ಕದಿಂದ ಹೊಸ ಕಾಕ್ ತಂದು ಹಾಕಿದೆ. ಅದೇ ಲೋಡು, ಅದೇ ವೇಗ, ಈಗ 20 ಸಿಸಿಗೆ 62 ಸೆಕೆಂಡ್. 288 ಗ್ರಾಂ ಆಯಿತು. ಸಂತೋಷ ಅರ್ಧವಾಯಿತು ಬಿಡಿ.

ನಿವೃತ್ತ_ಮಾಷ್ಟ್ರು

ಈಗ ನಂಬುವ ಅಂಕಿ. ಸೋರಿಕೆ ಗಂಟೆಗೆ 540 ಸಿಸಿ. ಹಳೆಯ ಅಂಕಿಗೂ ಹೊಸದಕ್ಕೂ ಇರುವ ವ್ಯತ್ಯಾಸ 550ರ ಹತ್ತಿರ. ಹೊಂದುತ್ತದೆ. ನಾಸಲ್ಲಿನಿಂದ ವಾಪಸು ಬರುವ ಸಣ್ಣ ಪೈಪು ಟ್ಯಾಂಕಿಗೆ ಹೋಗುತ್ತಿದ್ದರೆ ಅಳೆಯುವಾಗ ಅದನ್ನು ಒಂದು ಲೋಟಕ್ಕೆ ಬಿಡಿ. ಅದು ಉರಿಯದ ಡೀಸೆಲ್, ಲೆಕ್ಕದಿಂದ ಕಳೆಯಬೇಕು.

ಈಗ ಟೈಮಿಂಗ್. ಫ್ಲೈವೀಲ್ ಸುತ್ತ ನೂಲು ಸುತ್ತಿ ಅಳೆಯಿರಿ, 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ ಎಷ್ಟು ಮಿ.ಮೀ. ಅಂತ ಸಿಗುತ್ತದೆ. ಪಂಪಿನ ಡೆಲಿವರಿ ವಾಲ್ವನ್ನೂ ಅದರ ಸ್ಪ್ರಿಂಗನ್ನೂ ತೆಗೆದು, ಹೋಲ್ಡರನ್ನು ಮತ್ತೆ ಕೂರಿಸಿ, ಮೇಲೆ ಬಾಗಿದ ಸಣ್ಣ ಪೈಪು ಹಾಕಿ. ರ‍್ಯಾಕನ್ನು ಓಡುವ ಜಾಗದಲ್ಲಿ ಇಡಿ. ಡೀಸೆಲ್ ತಾನೇ ಹರಿಯುತ್ತದೆ. ಫ್ಲೈವೀಲನ್ನು ಓಡುವ ದಿಕ್ಕಿಗೆ ಮೆಲ್ಲ ತಿರುಗಿಸಿ. ಧಾರೆ ಹನಿಯಾಗಿ, ಹನಿ ನಿಲ್ಲುವ ಕ್ಷಣಕ್ಕೆ ಕೈ ನಿಲ್ಲಿಸಿ. ಅಲ್ಲಿಂದ ಟಿಡಿಸಿ ಗೆರೆಗೆ ಎಷ್ಟು ದೂರ ನೋಡಿ. ಜಾಸ್ತಿ ತಿರುಗಿಸಿಬಿಟ್ಟರೆ ಅಲ್ಲಿಂದಲೇ ಹಿಂದೆ ಬರಬೇಡಿ. ಸಾಕಷ್ಟು ಹಿಂದೆ ಹೋಗಿ ಮತ್ತೆ ಮುಂದಕ್ಕೇ ಬನ್ನಿ, ಗೇರಿನ ಸಡಿಲ ಸುಳ್ಳು ಹೇಳಿಸುತ್ತದೆ.

ಪೆರ್ಲದ_ಪಂಪು

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಫ್ಲೈವೀಲ್ ಸುತ್ತಳತೆ 1620 ಮಿ.ಮೀ., ಅಂದರೆ ಡಿಗ್ರಿಗೆ 4.5. ಹನಿ ನಿಂತದ್ದು ಟಿಡಿಸಿಗೆ 130 ಮಿ.ಮೀ. ಮೊದಲು. ಸುಮಾರು 29 ಡಿಗ್ರಿ! ನನ್ನ ಇಂಜಿನ್ನಿನ ಪುಸ್ತಕದಲ್ಲಿ 23 ಅಂತ ಇದೆ. ಹಳೆಯ ಸಾಮಾನಿನ ಡಬ್ಬಿ ಹುಡುಕಿದರೆ ಎರಡು ಶಿಮ್ ಅದರಲ್ಲೇ ಉಳಿದಿದ್ದವು. ಎರಡನ್ನೂ ಹಾಕಿದೆ, 106 ಮಿ.ಮೀ.ಗೆ ಬಂತು, 23.5 ಡಿಗ್ರಿ. ಸದ್ದು ಬಹಳ ಇಳಿದಿದೆ. 20 ಸಿಸಿಗೆ ಈಗ 65 ಸೆಕೆಂಡ್, 274 ಗ್ರಾಂ. ಟೈಮಿಂಗ್ ಸರಿ ಮಾಡಿದ್ದಕ್ಕೆ 14 ಗ್ರಾಂ ಉಳಿತಾಯ ಅಲ್ವಾ?

ನಿವೃತ್ತ_ಮಾಷ್ಟ್ರು

ಅಷ್ಟು ಬೇಗ ಬೇಡ. ಸ್ಟಾಪ್‌ವಾಚ್ ಒತ್ತುವುದರಲ್ಲಿ ಒಂದು ಸೆಕೆಂಡ್ ತಪ್ಪಿದರೆ 4 ಗ್ರಾಂ ಹೋಯಿತು. ಹಗ್ಗ ನಡುಗುವಾಗ ತಕ್ಕಡಿಯ ಮುಳ್ಳು ಕಾಲು ಕೆಜಿ ಆಚೀಚೆ ಆಡುತ್ತದೆ, ಅದು ಇನ್ನೊಂದು 5 ಗ್ರಾಂ. ಎರಡೂ ಒಂದೇ ಕಡೆಗೆ ವಾಲಿದರೆ ನಿಮ್ಮ 14ರಲ್ಲಿ ಉಳಿಯುವುದು ಸ್ವಲ್ಪವೇ. ಡ್ರಮ್ಮಿಗೆ ನೀರು ಹಾಕಿ, ಇಂಜಿನ್ ಅರ್ಧ ಗಂಟೆ ಬಿಸಿಯಾದ ಮೇಲೆ, ಪ್ರತಿ ಲೋಡಿಗೂ ಮೂರು ಸಲ ಅಳೆಯಿರಿ. 20ರ ಬದಲು 50 ಸಿಸಿ ಇಳಿಸಿ.

ಉಪ್ಪಳ_ಡೀಸೆಲ್

ಸದ್ದು ಪೂರ್ತಿ ಹೋಯಿತಾ ಅಂತ ಹೇಳಲೇ ಇಲ್ಲ.

ಪೆರ್ಲದ_ಪಂಪು

ಇಲ್ಲ ಅಣ್ಣ. ಬೆಳಿಗ್ಗೆ ಮೊದಲ ಎರಡು ನಿಮಿಷ ಇದೆ, ಬಿಳಿ ಹೊಗೆಯ ಜೊತೆ. ಆಮೇಲೆ ಇಲ್ಲ.

ಉಪ್ಪಳ_ಡೀಸೆಲ್

ನಾನು ಬುಷ್ ಅಂದೇ ಹೇಳುತ್ತೇನೆ.

ನಿವೃತ್ತ_ಮಾಷ್ಟ್ರು

ಬುಷ್ಷಿನಿಂದ ಬಿಳಿ ಹೊಗೆ ಬಾರದು. ಒಂದೋ ನಾಸಲ್ ಹನಿಕ್ಕುತ್ತಿದೆ, ಇಲ್ಲವೇ ಹೊಸ ರಿಂಗು ಇನ್ನೂ ಕೂತಿಲ್ಲ, ಕಂಪ್ರೆಶನ್ ಕಡಿಮೆ. ಮೊದಲು ನಾಸಲ್ ತೆಗೆದು ಟೆಸ್ಟರಿನಲ್ಲಿ ಒತ್ತಿ ನೋಡಲಿ. ಪುಸ್ತಕದಲ್ಲಿ ಹೇಳಿದ ಒತ್ತಡಕ್ಕೆ ತೆರೆದು ಮಂಜಿನ ಹಾಗೆ ಚಿಮ್ಮಬೇಕು, ತುದಿಯಲ್ಲಿ ಹನಿ ನಿಲ್ಲಬಾರದು. ಚಿಮ್ಮುವಾಗ ಕೈ ಅಡ್ಡ ಇಡಬೇಡಿ, ಚರ್ಮದೊಳಗೆ ತೂರುತ್ತದೆ.

ಪೆರ್ಲದ_ಪಂಪು

ನಾಸಲ್ ಬಿಚ್ಚಿ ಕಾಸರಗೋಡಿಗೆ ಕಳಿಸಿದ್ದೇನೆ. ಟೆಸ್ಟರ್ ಇರುವ ಅಂಗಡಿಯವರು ಸೋಮವಾರ ಬನ್ನಿ ಅಂದರು. ಅಷ್ಟರವರೆಗೆ ತೋಟಕ್ಕೆ ಕೊಡದಲ್ಲೇ ನೀರು.